ತಲೆ ಎಣಿಸಿದರೆ ಸಾಲದು, ಕಾಲವನ್ನೂ ಎಣಿಸಬೇಕು

ಫೈಜರ್ ಕೋವಿಡ್ ಲಸಿಕೆಯ ಪ್ರಯೋಗದ ಪ್ರಬಂಧ 2020ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಮೊದಲೇ ಸೋಂಕು ತಗುಲಿರದವರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಎರಡನೇ ಡೋಸ್ ಆಗಿ ಏಳು ದಿನ ಕಳೆದ ಮೇಲೆ ಲಸಿಕೆ ಪಡೆದವರಲ್ಲಿ 8 ಮಂದಿಗೆ, ಪ್ಲಸೀಬೊ ಪಡೆದವರಲ್ಲಿ 162 ಮಂದಿಗೆ ಕೋವಿಡ್ ಬಂದಿತ್ತು.

ಇದನ್ನು ತಲೆಗಳ ಸಂಖ್ಯೆಯಿಂದ ಭಾಗಿಸಿದರೆ ಸಾಲದು. ಎಲ್ಲರೂ ಒಂದೇ ದಿನ ಪ್ರಯೋಗಕ್ಕೆ ಸೇರಿರಲಿಲ್ಲ. ಕೆಲವರು ನಡುವೆಯೇ ಬಿಟ್ಟುಹೋದರು. ಹಾಗಾಗಿ ಪ್ರತಿಯೊಬ್ಬರೂ ಕಾಯಿಲೆ ಬೀಳುವ ತನಕ ಅಥವಾ ನಿಗಾ ಮುಗಿಯುವ ತನಕ ಕಳೆದ ದಿನಗಳನ್ನು ಕೂಡಿಸುತ್ತಾರೆ. ಈ ಮೊತ್ತವೇ ವ್ಯಕ್ತಿ-ವರ್ಷ. ಲಸಿಕೆಯ ಗುಂಪಿನಲ್ಲಿ ಅದು 2,214, ಇನ್ನೊಂದರಲ್ಲಿ 2,222.

ಭಾಗಿಸಿದರೆ ಸಾವಿರ ವ್ಯಕ್ತಿ-ವರ್ಷಗಳಿಗೆ 3.6 ಮತ್ತು 72.9 ಪ್ರಕರಣಗಳು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವ 0.05 ದರಗಳ ಅನುಪಾತ. ಒಂದರಿಂದ ಅದನ್ನು ಕಳೆದರೆ ಸುದ್ದಿಯಾದ ಶೇ. 95 ಪರಿಣಾಮಕತೆ.

ಎಡವುವುದು ಇಲ್ಲೇ. 72.9 ಎಂದರೆ ವರ್ಷಕ್ಕೆ ಸಾವಿರದಲ್ಲಿ 73 ಜನ ಕಾಯಿಲೆ ಬೀಳುತ್ತಾರೆ ಎಂದಲ್ಲ. ಒಬ್ಬೊಬ್ಬರ ಮೇಲೆ ಸರಾಸರಿ ನಿಗಾ ಇದ್ದದ್ದು ಸುಮಾರು ಒಂದೂವರೆ ತಿಂಗಳಷ್ಟೇ. ಮುಂದಿನ ತಿಂಗಳುಗಳಲ್ಲಿ ಸೋಂಕು ಏರಬಹುದು, ಇಳಿಯಬಹುದು, ಲಸಿಕೆಯ ಬಲ ಕುಗ್ಗಲೂಬಹುದು. ವ್ಯಕ್ತಿ-ವರ್ಷದ ಲೆಕ್ಕ ಇದನ್ನು ಮರೆಮಾಚುತ್ತದೆ.

ಆದ್ದರಿಂದ ಪ್ರಬಂಧ ಬರೆಯುವವರು ಅನುಪಾತವೊಂದನ್ನೇ ಕೊಡಬಾರದು. ಪ್ರಕರಣಗಳ ಸಂಖ್ಯೆ, ವ್ಯಕ್ತಿ-ವರ್ಷ, ಎರಡೂ ದರ, ಅನಿಶ್ಚಿತತೆಯ ವ್ಯಾಪ್ತಿ, ನಿಗಾ ಇಟ್ಟ ಅವಧಿ ಇವೆಲ್ಲ ಜೊತೆಗಿರಬೇಕು.