ಮೂರನೇ ತಂತಿಯ ಸಾಕ್ಷಿ

ಕಂಪ್ಯೂಟರ್ ಫ್ಯಾನ್ ಕೆಡುವಾಗ ಸದ್ದು ಮಾಡಿಯೇ ಕೆಡಬೇಕೆಂದಿಲ್ಲ. ಬೇರಿಂಗಿನ ಎಣ್ಣೆ ಆರುತ್ತದೆ, ಧೂಳು ಕೂರುತ್ತದೆ, ಒಂದು ದಿನ ರೆಕ್ಕೆ ನಿಂತುಬಿಡುತ್ತದೆ. ಯಾವಾಗಲೂ ಪೂರ್ತಿ ವೇಗದಲ್ಲಿ ಗುಯ್‌ಗುಡುತ್ತಿದ್ದ ಫ್ಯಾನಾದರೆ ಸದ್ದು ನಿಂತಿದ್ದಾದರೂ ಗಮನಕ್ಕೆ ಬರುತ್ತಿತ್ತು. ಈಗಿನ ಫ್ಯಾನ್‌ಗಳು ಹೆಚ್ಚು ಹೊತ್ತು ನಿಧಾನವಾಗಿ, ಕೇಳಿಸದಷ್ಟು ಮೆಲ್ಲಗೆ ತಿರುಗುತ್ತವೆ. ಹಾಗಾಗಿ ನಿಂತರೂ ಕೇಳಿಸುವುದಿಲ್ಲ. ಅಂಗಡಿಯ ಗೋಡೆಗೆ ಕೂರಿಸಿದ ಕಬ್ಬಿಣದ ಪೆಟ್ಟಿಗೆಯೊಳಗೆ ಸಿಸಿಟಿವಿ ರೆಕಾರ್ಡರ್ ಇದೆ, ಅದರ ಬಿಸಿಗಾಳಿ ಹೊರಹಾಕಲು 120 ಮಿ.ಮೀ. ಫ್ಯಾನ್ ಒಂದಿದೆ ಎಂದುಕೊಳ್ಳಿ. ಬೇಸಿಗೆಯಲ್ಲಿ ಆ ಫ್ಯಾನ್ ನಿಂತದ್ದು ಯಾರಿಗೂ ತಿಳಿಯುವುದಿಲ್ಲ. ಹಾರ್ಡ್ ಡಿಸ್ಕ್ ಕೈಕೊಟ್ಟು, ಬೇಕಾದ ದಿನದ ದೃಶ್ಯ ಸಿಗದೆ ಹೋದಾಗಲೇ ಪೆಟ್ಟಿಗೆಯ ಬಾಗಿಲು ತೆರೆಯುವುದು.

ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಎಂದು ಹೇಳುವ ತಂತಿ ಫ್ಯಾನಿನಲ್ಲೇ ಇರುತ್ತದೆ. ಅದನ್ನು ಓದುವುದು ಸುಲಭ, ಸರಿಯಾಗಿ ನಂಬುವುದು ಸ್ವಲ್ಪ ಕಷ್ಟ.

ನಾಲ್ಕು ತಂತಿಯ ಫ್ಯಾನ್‌ಗಳು ಇಂಟೆಲ್ ಕಂಪನಿ ಪ್ರಕಟಿಸಿದ ಒಂದು ನಿಯಮಾವಳಿಯನ್ನು ಅನುಸರಿಸುತ್ತವೆ. ಅದರ 1.3ನೇ ಆವೃತ್ತಿ ಬಂದದ್ದು 2005ರಲ್ಲಿ. ಒಂದನೇ ತಂತಿ ಗ್ರೌಂಡ್, ಎರಡನೆಯದು 12 ವೋಲ್ಟ್, ಮೂರನೆಯದು ವೇಗ ತಿಳಿಸುವ ಟ್ಯಾಕೋಮೀಟರ್, ನಾಲ್ಕನೆಯದು ವೇಗ ನಿಯಂತ್ರಿಸುವ ಪಿಡಬ್ಲ್ಯೂಎಂ. ನಿಯಮಾವಳಿಯ ಪ್ರಕಾರ ಇವುಗಳ ಬಣ್ಣ ಕಪ್ಪು, ಹಳದಿ, ಹಸಿರು, ನೀಲಿ. ಎಲ್ಲ ತಯಾರಕರೂ ಈ ಬಣ್ಣಗಳನ್ನು ಪಾಲಿಸುವುದಿಲ್ಲ. ನಾಲ್ಕೂ ತಂತಿಗಳು ಕಪ್ಪಾಗಿರುವ ಫ್ಯಾನ್‌ಗಳು ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಆದ್ದರಿಂದ ಬಣ್ಣಕ್ಕಿಂತ ಕನೆಕ್ಟರಿನ ಜಾಗವನ್ನು ನೋಡಿ ಗುರುತಿಸುವುದು ಕ್ಷೇಮ.

ಮೂರು ತಂತಿಯ ಹಳೆಯ ಫ್ಯಾನಿನ ವೇಗ ತಗ್ಗಿಸಬೇಕೆಂದರೆ ಅದರ 12 ವೋಲ್ಟನ್ನೇ ಇಳಿಸಬೇಕಿತ್ತು, ಇಲ್ಲವೇ ಬೇಗ ಬೇಗ ಕಡಿದು ಕಡಿದು ಕೊಡಬೇಕಿತ್ತು. ಹಾಗೆ ಕಡಿದಾಗ ಫ್ಯಾನಿನೊಳಗಿನ ವೇಗದ ಸಂವೇದಕಕ್ಕೂ ಕರೆಂಟ್ ತಪ್ಪಿ, ಟ್ಯಾಕ್ ಸಂಕೇತ ಚೂರುಚೂರಾಗುತ್ತಿತ್ತು. ನಾಲ್ಕನೇ ತಂತಿ ಬಂದದ್ದರಿಂದ 12 ವೋಲ್ಟ್ ಸದಾ ಪೂರ್ತಿಯಾಗಿ ಇರುತ್ತದೆ, ವೇಗದ ಆಜ್ಞೆ ಮಾತ್ರ ಬೇರೆ ದಾರಿಯಲ್ಲಿ ಹೋಗುತ್ತದೆ. ಆ ಆಜ್ಞೆಯ ಆವರ್ತನ 25 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 25 ಸಾವಿರ ಮಿಡಿತ. 21ರಿಂದ 28ರವರೆಗೆ ನಡೆಯುತ್ತದೆ. ಮನುಷ್ಯನ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಸ್ ಆದ್ದರಿಂದ ಮೋಟಾರು ಕೊರೆಯುವ ಸದ್ದು ಕೇಳಿಸುವುದಿಲ್ಲ. ಪ್ರತಿ ಮಿಡಿತದಲ್ಲೂ ಎಷ್ಟು ಪಾಲು ಹೊತ್ತು ಸಂಕೇತ ಮೇಲಿರುತ್ತದೆಯೋ ಅದರ ಮೇಲೆ ಫ್ಯಾನಿನ ವೇಗ ನಿಂತಿದೆ. ಇದನ್ನು ಡ್ಯೂಟಿ ಎನ್ನುತ್ತಾರೆ.

ಈ ನೀಲಿ ತಂತಿಗೆ ಏನನ್ನೂ ಜೋಡಿಸದೆ ಬಿಟ್ಟರೆ ಫ್ಯಾನ್ ಪೂರ್ತಿ ವೇಗದಲ್ಲಿ ಓಡುತ್ತದೆ. ಅದನ್ನು ಒಳಗಿನಿಂದಲೇ ಮೇಲಕ್ಕೆ ಎಳೆದಿಟ್ಟಿರುತ್ತಾರೆ. ನಿಯಂತ್ರಿಸುವ ಬೋರ್ಡ್ ಸತ್ತರೂ ಗಾಳಿ ನಿಲ್ಲಬಾರದೆಂಬ ಈ ಏರ್ಪಾಡು ನನಗೆ ಇಡೀ ನಿಯಮಾವಳಿಯಲ್ಲೇ ಅತಿ ವಿವೇಕದ್ದೆನಿಸುತ್ತದೆ. ನಾವು ಮಾಡುವ ಸರ್ಕ್ಯೂಟ್ ಅದನ್ನು ಕೆಡಿಸಬಾರದು.

ಈಗ ಹಸಿರು ತಂತಿ. ಫ್ಯಾನಿನ ನಡುಗುಬ್ಬಿಯೊಳಗೆ ಅಯಸ್ಕಾಂತದ ಉಂಗುರವಿರುತ್ತದೆ. ಬಹುತೇಕ ಫ್ಯಾನ್‌ಗಳಲ್ಲಿ ಅದಕ್ಕೆ ನಾಲ್ಕು ಧ್ರುವ: ಉತ್ತರ, ದಕ್ಷಿಣ, ಮತ್ತೆ ಉತ್ತರ, ಮತ್ತೆ ದಕ್ಷಿಣ. ಅದರ ಎದುರು ಕೂತ ಹಾಲ್ ಸಂವೇದಕ ಒಂದು ಸುತ್ತಿಗೆ ಎರಡು ಬಾರಿ ಮೇಲೆ-ಕೆಳಗೆ ಆಗುತ್ತದೆ. ಹಾಗಾಗಿ ಸುತ್ತಿಗೆ ಎರಡು ಮಿಡಿತ. ಸೆಕೆಂಡಿಗೆ ಬಂದ ಮಿಡಿತಗಳನ್ನು 30ರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು, ಅಂದರೆ ಆರ್‌ಪಿಎಂ ಸಿಗುತ್ತದೆ. ಈ ತಂತಿ ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ಒಳಗಿನ ಟ್ರಾನ್ಸಿಸ್ಟರ್ ಅದನ್ನು ಗ್ರೌಂಡಿಗೆ ಎಳೆಯುತ್ತದೆ, ಇಲ್ಲವೇ ಬಿಟ್ಟುಬಿಡುತ್ತದೆ, ಅಷ್ಟೆ. ಮೇಲಕ್ಕೆತ್ತುವ ರೆಸಿಸ್ಟರನ್ನು ನಾವು ಹಾಕಬೇಕು. ಆರ್ಡುಯಿನೋ ಉನೋ ಬಳಸುವುದಾದರೆ 10 ಕಿಲೋಓಮ್ ರೆಸಿಸ್ಟರನ್ನು ಹಸಿರು ತಂತಿಯಿಂದ 5 ವೋಲ್ಟಿಗೆ ಜೋಡಿಸಿದರೆ ಸಾಕು. ಕಂಪ್ಯೂಟರ್ ಮದರ್‌ಬೋರ್ಡ್ ಇದೇ ತಂತಿಯನ್ನು 12 ವೋಲ್ಟಿಗೆ ಎತ್ತಿರಬಹುದು. ಆದ್ದರಿಂದ ಮದರ್‌ಬೋರ್ಡಿನಲ್ಲಿರುವ ಫ್ಯಾನಿನ ಟ್ಯಾಕ್ ತಂತಿಯನ್ನು ನೇರವಾಗಿ ಆರ್ಡುಯಿನೋಗೆ ತಾಗಿಸಿದರೆ ಅದರ ಪಿನ್ ಸುಟ್ಟೀತು. 12 ವೋಲ್ಟ್ ಅಡಾಪ್ಟರಿನ ಗ್ರೌಂಡ್ ಮತ್ತು ಆರ್ಡುಯಿನೋದ ಗ್ರೌಂಡ್ ಒಂದಕ್ಕೊಂದು ಸೇರಿರಲೇಬೇಕು.

ನಮ್ಮ ಸಿಸಿಟಿವಿ ಪೆಟ್ಟಿಗೆಯ ಫ್ಯಾನಿನ ಗರಿಷ್ಠ ವೇಗ 1500 ಆರ್‌ಪಿಎಂ ಎಂದಿಟ್ಟುಕೊಳ್ಳೋಣ. ನೀಲಿ ತಂತಿ ಉನೋದ 9ನೇ ಪಿನ್ನಿಗೆ, ಹಸಿರು 2ನೇ ಪಿನ್ನಿಗೆ. ಮಾಮೂಲಿ `analogWrite` ಈ ಪಿನ್ನಿನಲ್ಲಿ ಕೊಡುವುದು 490 ಹರ್ಟ್ಸ್ ಮಾತ್ರ, ಅದು ನಿಯಮದ ಆವರ್ತನದ ಹತ್ತಿರಕ್ಕೂ ಬರುವುದಿಲ್ಲ. ಅದಕ್ಕೇ ಟೈಮರನ್ನು ನಾವೇ ಹೊಂದಿಸಬೇಕು:

```
volatile unsigned int pulses = 0;
volatile unsigned long lastUs = 0;

void onTach() {
  unsigned long now = micros();
  if (now - lastUs > 5000) {
    pulses++;
    lastUs = now;
  }
}

void setup() {
  pinMode(9, OUTPUT);
  TCCR1A = _BV(COM1A1) | _BV(WGM11);
  TCCR1B = _BV(WGM13) | _BV(CS10);
  ICR1 = 320;
  OCR1A = 128;
  pinMode(2, INPUT_PULLUP);
  attachInterrupt(digitalPinToInterrupt(2), onTach, FALLING);
}
```

ಟೈಮರ್ 320ರವರೆಗೆ ಏರಿ ಮತ್ತೆ ಇಳಿಯುತ್ತದೆ. 1.6 ಕೋಟಿ ಹರ್ಟ್ಸಿನ ಗಡಿಯಾರವನ್ನು 640ರಿಂದ ಭಾಗಿಸಿದರೆ ಸರಿಯಾಗಿ 25 ಸಾವಿರ. 320ರಲ್ಲಿ 128 ಎಂದರೆ ಡ್ಯೂಟಿ ಶೇ. 40.

ಫ್ಯಾನ್ ನಿಂತಿದೆ ಎಂದು ತೀರ್ಮಾನಿಸುವುದು ಹೇಗೆ? ಮೊದಲಿಗೆ ಹೊಳೆಯುವುದು ಮಿಡಿತ ಬಾರದಿದ್ದರೆ ನಿಂತಿದೆ ಎಂಬ ನಿಯಮ. ಅದು ಎರಡು ಕಡೆ ಸೋಲುತ್ತದೆ. ರೆಕ್ಕೆ ಸಿಕ್ಕಿಬಿದ್ದಾಗ ಮೋಟಾರ್ ಸುಡಬಾರದೆಂದು ಫ್ಯಾನಿನೊಳಗಿನ ಚಿಪ್ ಕರೆಂಟನ್ನು ಕಡಿಯುತ್ತದೆ, ಕೆಲವು ಸೆಕೆಂಡು ಬಿಟ್ಟು ಮತ್ತೆ ಯತ್ನಿಸುತ್ತದೆ. ಹತ್ತಿರದಿಂದ ನೋಡಿದರೆ ರೆಕ್ಕೆ ಆಗಾಗ ಬೆಚ್ಚಿದಂತೆ ತುಸು ಅಲುಗುವುದು ಕಾಣುತ್ತದೆ. ಆ ಪ್ರತಿ ಅಲುಗಾಟಕ್ಕೂ ಒಂದೆರಡು ಮಿಡಿತ ಬರಬಹುದು. ಹಾಗೆ ಬಂದಾಗಲೆಲ್ಲ ಅಲಾರಂ ಆರಿ, ಮತ್ತೆ ಹತ್ತುತ್ತದೆ.

ಎರಡನೆಯದು ಇನ್ನೂ ಕೆಟ್ಟದ್ದು. ಹಸಿರು-ನೀಲಿ ತಂತಿಗಳು ಒಂದೇ ಕಟ್ಟಿನಲ್ಲಿ ಜೊತೆಯಾಗಿ ಬರುತ್ತವೆ. ನೀಲಿ ತಂತಿಯ 25 ಸಾವಿರ ಮಿಡಿತಗಳ ನೆರಳು ಹಸಿರು ತಂತಿಯ ಮೇಲೆ ಬೀಳುತ್ತದೆ. ರೆಸಿಸ್ಟರ್ ದುರ್ಬಲವಾಗಿದ್ದರೆ, ತಂತಿ ಉದ್ದವಾಗಿದ್ದರೆ, ಆ ನೆರಳೇ ಎಣಿಕೆಗೆ ಸಿಗುತ್ತದೆ. ಆಗ ಫ್ಯಾನ್ ಸತ್ತಿದ್ದರೂ ಎಣಿಕೆ ಮೇಲೇರುತ್ತಲೇ ಇರುತ್ತದೆ. ನಿಂತ ಫ್ಯಾನನ್ನು ಓಡುತ್ತಿದೆ ಎಂದು ತೋರಿಸುವ ವ್ಯವಸ್ಥೆಗಿಂತ ಏನೂ ಇಲ್ಲದಿರುವುದೇ ವಾಸಿ. ಏನೂ ಇಲ್ಲದಿದ್ದರೆ ಜನ ಆಗಾಗ ಬಾಗಿಲು ತೆರೆದು ನೋಡಿಯಾದರೂ ನೋಡುತ್ತಾರೆ.

ಅದಕ್ಕಾಗಿಯೇ ಮೇಲಿನ ಕೋಡಿನಲ್ಲಿ 5000 ಮೈಕ್ರೋಸೆಕೆಂಡಿನ ತಡೆ ಇದೆ. 1500 ಆರ್‌ಪಿಎಂ ಓಟದಲ್ಲೂ ಎರಡು ಮಿಡಿತಗಳ ನಡುವೆ 20 ಮಿಲಿಸೆಕೆಂಡ್ ಅಂತರವಿರುತ್ತದೆ. 5 ಮಿಲಿಸೆಕೆಂಡಿನೊಳಗೆ ಬಂದದ್ದು ನಿಜವಾದ ಮಿಡಿತವಲ್ಲ. ಆದರೆ ನೆರಳು ಸತತವಾಗಿ ಬೀಳುತ್ತಿದ್ದರೆ ಈ ತಡೆಯೂ ಪ್ರತಿ 5 ಮಿಲಿಸೆಕೆಂಡಿಗೆ ಒಂದನ್ನು ಒಳಗೆ ಬಿಡುತ್ತದೆ, ಓದು 6000 ಆರ್‌ಪಿಎಂ ಹತ್ತಿರ ನಿಲ್ಲುತ್ತದೆ. 1500ರ ಫ್ಯಾನ್ 6000 ಓಡಲಾರದು. ಹಾಗಾಗಿ ಕೆಳಮಿತಿಯ ಜೊತೆ ಮೇಲ್ಮಿತಿಯನ್ನೂ ಪರೀಕ್ಷಿಸಬೇಕು. 1800 ದಾಟಿದರೆ ಅದೂ ದೋಷವೇ. ಮೂಲದಲ್ಲೇ ಗುಣಪಡಿಸಲು ಹಸಿರು ತಂತಿಯಿಂದ ಗ್ರೌಂಡಿಗೆ, ಆರ್ಡುಯಿನೋದ ಪಿನ್ ಪಕ್ಕದಲ್ಲೇ, 10 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಹಾಕಿ. 10 ಕಿಲೋಓಮಿನ ಜೊತೆ ಅದು ವೇಗದ ನೆರಳನ್ನು ನುಂಗುತ್ತದೆ, ನಿಧಾನದ ನಿಜ ಮಿಡಿತವನ್ನು ಮುಟ್ಟುವುದಿಲ್ಲ.

ಇನ್ನು ಕೆಳಮಿತಿ ಎಷ್ಟು? ಇದು ಡ್ಯೂಟಿಯನ್ನು ಅವಲಂಬಿಸಿರುವುದರಿಂದ ಒಂದೇ ಸಂಖ್ಯೆ ಸಾಲದು. ಫ್ಯಾನ್ ಹೊಸದಾಗಿರುವಾಗಲೇ, ಪೆಟ್ಟಿಗೆಯ ಬಾಗಿಲು ಮುಚ್ಚಿ, ಶೇ. 30, 40, 60, 100 ಡ್ಯೂಟಿಗಳಲ್ಲಿ ಎಷ್ಟು ಓಡುತ್ತದೆಂದು ಬರೆದಿಟ್ಟುಕೊಳ್ಳಿ. ಶೇ. 40ರಲ್ಲಿ 660 ಆರ್‌ಪಿಎಂ ಬಂತೆನ್ನಿ. ಅಂದರೆ ಸೆಕೆಂಡಿಗೆ 22 ಮಿಡಿತ, ಎರಡು ಸೆಕೆಂಡಿಗೆ 44. ಎರಡು ಸೆಕೆಂಡಿಗೊಮ್ಮೆ ಎಣಿಕೆ ನೋಡಿ, ಅರ್ಧಕ್ಕಿಂತ, ಅಂದರೆ 22ಕ್ಕಿಂತ ಕಡಿಮೆ ಸತತ ಎರಡು ಬಾರಿ ಬಂದರೆ ಅನುಮಾನ ಪಡಬೇಕು. ಬೆಚ್ಚುವ ರೆಕ್ಕೆಯ ಒಂದೆರಡು ಮಿಡಿತ ಇಲ್ಲಿ ಮೋಸ ಮಾಡಲಾರದು. ಡ್ಯೂಟಿ ಬದಲಿಸಿದ ಮೇಲೆ ರೆಕ್ಕೆ ಹೊಸ ವೇಗಕ್ಕೆ ಬರಲು ಕೆಲವು ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತು ತೀರ್ಪು ಕೊಡಬಾರದು. ಡ್ಯೂಟಿ ತೀರ ಕೆಳಗಿಳಿಸಿದಾಗ ಕೆಲವು ಫ್ಯಾನ್‌ಗಳು ಕನಿಷ್ಠ ವೇಗದಲ್ಲೇ ಓಡುತ್ತಿರುತ್ತವೆ, ಕೆಲವು ತಾವಾಗಿ ನಿಲ್ಲುತ್ತವೆ. ನಿಮ್ಮದು ಎರಡನೆಯ ಜಾತಿಯದಾದರೆ ಆ ನಿಲುಗಡೆಯನ್ನು ದೋಷವೆಂದು ಎಣಿಸುವಂತಿಲ್ಲ.

ಅನುಮಾನ ಬಂದ ಕೂಡಲೇ ಕೂಗಬೇಕಿಲ್ಲ. ಡ್ಯೂಟಿಯನ್ನು ಶೇ. 100ಕ್ಕೆ ಏರಿಸಿ, ಒಳಗಿನ ಚಿಪ್ ಮತ್ತೊಮ್ಮೆ ಯತ್ನಿಸುವಷ್ಟು, ಹತ್ತು ಸೆಕೆಂಡು, ಕಾಯಿರಿ. ಆರಿದ ಬೇರಿಂಗಿನ ಫ್ಯಾನ್ ನಿಧಾನ ವೇಗದಲ್ಲಿ ನಿಂತು, ಪೂರ್ತಿ ಬಲ ಸಿಕ್ಕಾಗ ಎದ್ದು ಓಡುವುದುಂಟು. ಎದ್ದರೆ ಪೂರ್ತಿ ವೇಗದಲ್ಲೇ ಬಿಡಿ, ಹಳದಿ ದೀಪ ಹತ್ತಿಸಿ, ಹೊಸ ಫ್ಯಾನ್ ತನ್ನಿ. ಏಳದಿದ್ದರೆ ಬಜರ್ ಹೊಡೆಯಲಿ. ನಿಂತೇ ಹೋಗುವ ಮೊದಲೂ ಸುಳಿವು ಸಿಗುವುದುಂಟು: ಅದೇ ಶೇ. 40ರಲ್ಲಿ 660 ಇದ್ದದ್ದು ತಿಂಗಳು ಕಳೆದಂತೆ 600, 540 ಎಂದು ಇಳಿಯುತ್ತಾ ಬರುತ್ತದೆ.

ಅಲಾರಂ ಸರಿಯಾಗಿದೆಯೇ ಎಂದು ನೋಡಲು ಟ್ಯಾಕ್ ತಂತಿ ಕಿತ್ತು ಪರೀಕ್ಷಿಸುವವರಿದ್ದಾರೆ. ಅದರಿಂದ ತಿಳಿಯುವುದು ಅರ್ಧ ಮಾತ್ರ. ತಂತಿ ತುಂಡಾದರೂ ಅಲಾರಂ ಹೊಡೆಯುತ್ತದೆ ಎಂಬುದು ಗೊತ್ತಾಗುತ್ತದೆ, ನಿಜಕ್ಕೂ ರೆಕ್ಕೆ ಸಿಕ್ಕಿಕೊಂಡಾಗ ಏನಾಗುತ್ತದೆಂಬುದು ಗೊತ್ತಾಗುವುದಿಲ್ಲ. ಕರೆಂಟ್ ಕೊಡುವ ಮೊದಲೇ ನಡುಗುಬ್ಬಿಯನ್ನು ಬೆರಳಿನಿಂದ ಅದುಮಿ ಹಿಡಿದು, ಆಮೇಲೆ ಸ್ವಿಚ್ ಹಾಕಿ. ಓಡುತ್ತಿರುವ ರೆಕ್ಕೆಗೆ ಬೆರಳು ಕೊಡಬೇಡಿ. ನೀಲಿ ತಂತಿಯಲ್ಲಿ ಸಂಕೇತ ಹರಿಯುತ್ತಿರುವಾಗ, ರೆಕ್ಕೆ ನಿಂತಿರುವಾಗ, ಎಣಿಕೆ ಸೊನ್ನೆಯ ಆಸುಪಾಸಿನಲ್ಲಿ ಇದ್ದರೆ ಮಾತ್ರ ಈ ವ್ಯವಸ್ಥೆಯನ್ನು ನಂಬಬಹುದು.

ಒಂದೇ ಹೆಡರಿಗೆ ಎರಡು ಫ್ಯಾನ್ ಜೋಡಿಸುವ ವೈ ಆಕಾರದ ಕೇಬಲ್ ಬಳಸುವವರು ಇನ್ನೊಂದು ಗಮನಿಸಬೇಕು. ಅದರಲ್ಲಿ ಸಾಮಾನ್ಯವಾಗಿ ಒಂದು ಫ್ಯಾನಿನ ಟ್ಯಾಕ್ ತಂತಿಯಷ್ಟೇ ಮುಂದಕ್ಕೆ ಹೋಗುತ್ತದೆ. ಎರಡನೇ ಫ್ಯಾನ್ ನಿಂತರೆ ಯಾರಿಗೂ ಸುದ್ದಿ ಬರುವುದಿಲ್ಲ. ಎರಡು ಫ್ಯಾನ್ ಇದ್ದರೆ ನೀಲಿ ತಂತಿಗಳನ್ನು ಕೂಡಿಸಬಹುದು, ಹಸಿರು ತಂತಿಗಳು ಬೇರೆ ಬೇರೆ ಪಿನ್ನಿಗೆ ಹೋಗಬೇಕು. ಉನೋದಲ್ಲಿ 3ನೇ ಪಿನ್ ಕೂಡ ಇದಕ್ಕೆ ಒದಗುತ್ತದೆ.

ಇಷ್ಟಾದರೂ ಟ್ಯಾಕ್ ಹೇಳುವುದು ರೆಕ್ಕೆ ತಿರುಗುತ್ತಿದೆ ಎಂಬುದನ್ನು ಮಾತ್ರ, ಗಾಳಿ ಹೋಗುತ್ತಿದೆ ಎಂಬುದನ್ನಲ್ಲ. ಪೆಟ್ಟಿಗೆಯ ಜಾಲರಿಗೆ ಧೂಳು ಕಟ್ಟಿ ಗಾಳಿ ಆಡದಿದ್ದರೂ ಫ್ಯಾನ್ ಸಲೀಸಾಗಿ ತಿರುಗುತ್ತಿರಬಹುದು. ಅದಕ್ಕೆ ರೆಕಾರ್ಡರಿನ ಹಾರ್ಡ್ ಡಿಸ್ಕಿನ ಪಕ್ಕದಲ್ಲಿ ಒಂದು ಉಷ್ಣಾಂಶ ಸಂವೇದಕ ಬೇರೆಯೇ ಬೇಕು. ಅದರ ಅಲಾರಂ ಫ್ಯಾನಿನ ಲೆಕ್ಕಕ್ಕೆ ಕಾಯದೆ ಸ್ವತಂತ್ರವಾಗಿ ಹೊಡೆಯುವಂತಿರಬೇಕು.