ಮೇಷ್ಟರ ಬರಹ ಪರದೆಯ ಮೇಲೆ ಮಸುಕಾಗುವುದೇಕೆ?

ಮೇಜಿನ ಮೇಲೆ ಕಾಗದ, ಅದರ ಮೇಲ್ಗಡೆ ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನು. ಪಾಠವನ್ನು ಹೀಗೆ ಚಿತ್ರೀಕರಿಸುವ ಶಿಕ್ಷಕರು ಈಗ ಅನೇಕರಿದ್ದಾರೆ. ಮಾತು ಚೆನ್ನಾಗಿ ಕೇಳುತ್ತದೆ, ಬರಹ ಮಾತ್ರ ಓದಲು ಬರುವುದಿಲ್ಲ. ಇದಕ್ಕೆ ಸಾಮಾನ್ಯವಾಗಿ ಕ್ಯಾಮೆರಾ ಕಾರಣವಲ್ಲ. ಅಕ್ಷರದ ಗಾತ್ರಕ್ಕೂ ಚಿತ್ರದ ಗಾತ್ರಕ್ಕೂ ಇರುವ ಲೆಕ್ಕ ತಪ್ಪಿರುತ್ತದೆ.

ಪರದೆಯ ಚಿತ್ರ ಬಿಂದುಗಳ ಸಾಲುಗಳಿಂದ ಆದದ್ದು. ಫೋನು 1080 ಸಾಲುಗಳಲ್ಲಿ ಚಿತ್ರೀಕರಿಸಿದರೂ, ಡೇಟಾ ಉಳಿಸಲೆಂದು ವಿದ್ಯಾರ್ಥಿ ನೋಡುವುದು ಎಷ್ಟೋ ವೇಳೆ 360 ಸಾಲುಗಳಲ್ಲಿ. ಆದ್ದರಿಂದ ಲೆಕ್ಕವನ್ನು 360ರಿಂದಲೇ ಆರಂಭಿಸಬೇಕು.

ಭೌತಶಾಸ್ತ್ರದ ಪಾಠವೊಂದನ್ನು ತೆಗೆದುಕೊಳ್ಳೋಣ. ಎ-4 ಹಾಳೆಯನ್ನು ಅಡ್ಡಲಾಗಿಟ್ಟು v² = u² + 2as ಎಂದು ಬರೆಯಲಾಗಿದೆ. ಹಾಳೆಯ ಎತ್ತರ 210 ಮಿ.ಮೀ. ಅದು ಚಿತ್ರದ ಎತ್ತರವನ್ನು ತುಂಬಿದರೆ ಒಂದು ಮಿ.ಮೀ.ಗೆ ಸಿಗುವುದು 1.7 ಸಾಲು. 4 ಮಿ.ಮೀ. ಅಕ್ಷರಕ್ಕೆ 7 ಸಾಲು ಸಿಕ್ಕರೆ, 2 ಮಿ.ಮೀ. ಎತ್ತರದ ಘಾತಾಂಕಕ್ಕೆ ಮೂರೇ ಸಾಲು. ಅಷ್ಟರಲ್ಲಿ ಅಂಕಿಯ ಆಕಾರ ಮೂಡುವುದಿಲ್ಲ, ಚುಕ್ಕೆಯಾಗಿ ಉಳಿಯುತ್ತದೆ. ‘ವೇಗೋತ್ಕರ್ಷ’ ಎಂದು ಬರೆದರೆ ಒತ್ತಕ್ಷರಗಳಿಗೂ ಇದೇ ಗತಿ.

ಪರಿಹಾರ ಸರಳ. ಹಾಳೆಯನ್ನು ಅರ್ಧ ಮಾಡಿ. ಆಗ ಎತ್ತರ 148 ಮಿ.ಮೀ., ಒಂದು ಮಿ.ಮೀ.ಗೆ 2.4 ಸಾಲು. ಅಕ್ಷರವನ್ನು 8 ಮಿ.ಮೀ.ಗೆ ದೊಡ್ಡದು ಮಾಡಿದರೆ ಅದಕ್ಕೆ 19 ಸಾಲು, ಘಾತಾಂಕಕ್ಕೆ ಹತ್ತಿರ ಹತ್ತಿರ 10 ಸಾಲು ದೊರೆಯುತ್ತವೆ. ಬಾಲ್‌ಪೆನ್ನಿಗಿಂತ, ಒಂದು ಮಿ.ಮೀ. ದಪ್ಪ ಬರೆಯುವ ಕಪ್ಪು ಸ್ಕೆಚ್ ಪೆನ್ ಮೇಲು. ಹಾಳೆಗೆ ಐದಾರು ಸಾಲು ಮಾತ್ರ ಹಿಡಿಸುತ್ತದೆ. ತುಂಬಿದಾಗ ಹಾಳೆ ಬದಲಿಸಿ, ಫೋನನ್ನು ಅಲುಗಿಸಬೇಡಿ.

ಇನ್ನೊಂದು ತೊಂದರೆ ಕೈಯಿಂದ ಬರುತ್ತದೆ. ಬರೆಯುವ ಕೈ ಒಳಬಂದಾಗಲೆಲ್ಲ ಫೋನು ಅದರ ಮೇಲೆ ಫೋಕಸ್ ಹುಡುಕುತ್ತದೆ, ಬೆಳಕಿನ ಪ್ರಮಾಣವನ್ನೂ ಬದಲಿಸುತ್ತದೆ. ಕಾಗದ ಒಮ್ಮೆ ಬೂದಿಬಣ್ಣಕ್ಕೆ ತಿರುಗಿ ಮತ್ತೆ ಬೆಳ್ಳಗಾಗುತ್ತಿದ್ದರೆ ಇದೇ ಕಾರಣವೆಂದು ತಿಳಿಯಬಹುದು. ಹಾಳೆಯ ಮೇಲೆ ಎರಡು ಪದ ಬರೆದು, ಪರದೆಯಲ್ಲಿ ಅವುಗಳ ಮೇಲೆ ಬೆರಳನ್ನು ಒತ್ತಿಹಿಡಿಯಿರಿ. ಬಹಳಷ್ಟು ಫೋನುಗಳಲ್ಲಿ ಫೋಕಸ್ಸೂ ಬೆಳಕೂ ಅಲ್ಲಿಗೇ ನಿಲ್ಲುತ್ತವೆ.

ದೀಪ ಫೋನಿನ ಪಕ್ಕದಲ್ಲೇ ಮೇಲಿದ್ದರೆ ಫೋನಿನ ನೆರಳು ಹಾಳೆಯ ಮೇಲೆ ಬೀಳುತ್ತದೆ, ಹಸಿ ಶಾಯಿಯೂ ಹೊಳೆಯುತ್ತದೆ. ಬಲಗೈಯವರಿಗೆ ಎಡಗಡೆಯಿಂದ ಓರೆಯಾಗಿ ಬೀಳುವ ಕಿಟಕಿಯ ಬೆಳಕು ಅನುಕೂಲ. ಕೈಯ ನೆರಳು ಬರಹದ ಮೇಲೆ ಬೀಳದೆ ಬಲಕ್ಕೆ ಸರಿಯುತ್ತದೆ.

ಪೂರ್ತಿ ಪಾಠಕ್ಕೆ ಮೊದಲು ಒಂದು ನಿಮಿಷ ಚಿತ್ರೀಕರಿಸಿ, ವಿದ್ಯಾರ್ಥಿಗಳಿಗೆ ತಲಪಿಸುವ ದಾರಿಯಲ್ಲೇ ಬೇರೊಂದು ಸಣ್ಣ ಫೋನಿಗೆ ಕಳಿಸಿ. ಪಾಠ ಗೊತ್ತಿಲ್ಲದ ಒಬ್ಬರು ಅದನ್ನು ತೋಳಳತೆಯಲ್ಲಿ ಹಿಡಿದು ಘಾತಾಂಕವನ್ನೂ ಒತ್ತಕ್ಷರವನ್ನೂ ತಡವರಿಸದೆ ಓದಿದರೆ ಪಾಠ ಆರಂಭಿಸಬಹುದು.