ಚರ್ಮದಡಿ ಜಾರುವ ಗಂಟು: ಕೊಬ್ಬೋ, ಸಿಸ್ಟೋ?

ಸ್ನಾನದ ಹೊತ್ತಿನಲ್ಲಿ ಸೋಪು ಹಚ್ಚುವ ಕೈಗೆ ಭುಜದ ಮೇಲೋ ತೊಡೆಯ ಮೇಲೋ ಗಂಟೊಂದು ಸಿಗುತ್ತದೆ. ಒತ್ತಿದರೆ ನೋವಿಲ್ಲ, ಆಚೀಚೆ ಜಾರುತ್ತದೆ. ಎಂದಿನಿಂದ ಇದೆ ಎಂಬುದೂ ನೆನಪಿಗೆ ಬರುವುದಿಲ್ಲ. ಕ್ಯಾನ್ಸರ್ ಇರಬಹುದೇ ಎಂಬ ದಿಗಿಲು ಅಲ್ಲಿಂದಲೇ ಶುರು. ಇಂಥ ಗಂಟುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದ ಎರಡು ಬಗೆಯವು: ಕೊಬ್ಬಿನ ಗಂಟು ಮತ್ತು ಸಿಸ್ಟ್.

ಕೊಬ್ಬಿನ ಗಂಟನ್ನು ವೈದ್ಯರು ಲಿಪೋಮಾ ಎನ್ನುತ್ತಾರೆ. ಚರ್ಮದ ಕೆಳಗಿರುವ ಕೊಬ್ಬಿನ ಕೋಶಗಳೇ ಒಂದೆಡೆ ಹೆಚ್ಚಾಗಿ ಬೆಳೆದು, ತೆಳುವಾದ ಪೊರೆಯೊಳಗೆ ಕೂಡಿಕೊಂಡಿರುತ್ತವೆ. ಮುಟ್ಟಿದರೆ ಚಪಾತಿಗೆ ನಾದಿಟ್ಟ ಹಿಟ್ಟಿನ ಹಾಗೆ ಮೆತ್ತಗೆ. ಅಂಚನ್ನು ಬೆರಳಿನಿಂದ ಒತ್ತಿದರೆ ಗಂಟು ಪಕ್ಕಕ್ಕೆ ನುಣುಚಿಕೊಳ್ಳುತ್ತದೆ. ಮೇಲಿನ ಚರ್ಮಕ್ಕೂ ಅದಕ್ಕೂ ಅಂಟಿಲ್ಲವಾದ್ದರಿಂದ ಚರ್ಮವನ್ನು ಸುಲಭವಾಗಿ ಚಿವುಟಿ ಎತ್ತಬಹುದು. 40ರಿಂದ 60ರ ವಯಸ್ಸಿನವರಲ್ಲಿ ಇದು ಹೆಚ್ಚು. ಕೆಲವು ಮನೆತನಗಳಲ್ಲಿ ಅಪ್ಪನಿಗೂ ಮಗನಿಗೂ ತೋಳು, ಹೊಟ್ಟೆ, ತೊಡೆಗಳಲ್ಲಿ ಹತ್ತಾರು ಗಂಟುಗಳಿರುತ್ತವೆ. ಊಟ ಕಡಿಮೆ ಮಾಡಿ ತೂಕ ಇಳಿಸಿದರೂ ಇವು ಕರಗುವುದಿಲ್ಲ. ಸುತ್ತಲಿನ ಕೊಬ್ಬು ಇಳಿದಾಗ ಇನ್ನಷ್ಟು ಎದ್ದು ಕಾಣುವುದೂ ಉಂಟು.

ಸಿಸ್ಟ್ ಎಂದರೆ ಚೀಲ. ಚರ್ಮದ ಹೊರಪದರದ ಕೋಶಗಳು ಒಳಗೆ ಸೇರಿಕೊಂಡು ಚೀಲದ ಗೋಡೆಯಾಗುತ್ತವೆ. ಮೈಮೇಲೆ ಉದುರಿ ಹೋಗಬೇಕಾದ ಸತ್ತ ಚರ್ಮ ಆ ಚೀಲದೊಳಗೇ ಉದುರಿ, ದುರ್ವಾಸನೆಯ ಬಿಳಿ ಪೇಸ್ಟಿನಂತೆ ತುಂಬಿಕೊಳ್ಳುತ್ತದೆ. ಮುಖ, ಕತ್ತು, ಬೆನ್ನು ಇದರ ಮಾಮೂಲಿ ಜಾಗಗಳು. ನೆತ್ತಿಯ ಮೇಲೂ ಇದೇ ಜಾತಿಯ ಸಿಸ್ಟ್‌ಗಳು ಏಳುತ್ತವೆ. ಲಿಪೋಮಾಕ್ಕಿಂತ ಇದು ಗಟ್ಟಿ, ದುಂಡಗೆ. ಇದು ಚರ್ಮಕ್ಕೇ ಅಂಟಿರುವುದರಿಂದ ಚರ್ಮದ ಜೊತೆಗೇ ಅಲ್ಲಾಡುತ್ತದೆ. ಬಹಳಷ್ಟು ಸಲ ನಡುವೆ ಸಣ್ಣ ಕಪ್ಪು ಚುಕ್ಕೆಯೊಂದು ಕಾಣುತ್ತದೆ. ಅದು ಚೀಲದ ಬಾಯಿ. ಆ ಚುಕ್ಕೆ ಕಂಡರೆ ಸಿಸ್ಟ್ ಎಂದು ಬಹುಪಾಲು ಹೇಳಬಹುದು.

ಬೆನ್ನ ಮೇಲೆ ಇಂಥ ಸಿಸ್ಟ್ ಇರುವ ಬಸ್ ಚಾಲಕರೊಬ್ಬರನ್ನು ಊಹಿಸಿಕೊಳ್ಳಿ. ವರ್ಷಗಟ್ಟಲೆ ತೊಂದರೆಯಿಲ್ಲ. ಒಂದು ದಿನ ಅವರು ಅದನ್ನು ಹಿಸುಕುತ್ತಾರೆ. ಸ್ವಲ್ಪ ಬಿಳಿ ಪದಾರ್ಥ ಹೊರಬರುತ್ತದೆ, ಜೊತೆಗೆ ಒಳಗೋಡೆಯೂ ಒಡೆಯುತ್ತದೆ. ಒಳಗಿದ್ದದ್ದು ಸುತ್ತಲಿನ ಮಾಂಸಕ್ಕೆ ಹರಡಿದಾಗ ದೇಹ ಕೆರಳುತ್ತದೆ. ಎರಡು ಮೂರು ದಿನದಲ್ಲಿ ಗಂಟು ಕೆಂಪಾಗಿ, ಬಿಸಿಯಾಗಿ, ಸೀಟಿಗೆ ಒರಗಲಾಗದಷ್ಟು ನೋಯುತ್ತದೆ. ಆಗ ಕೀವು ತುಂಬಿದ್ದರೆ ವೈದ್ಯರು ಸೀಳಿ ಹೊರತೆಗೆಯುತ್ತಾರೆ. ಆದರೆ ಊತವಿರುವಾಗ ಗೋಡೆಯನ್ನು ಪೂರ್ತಿ ಬಿಡಿಸುವುದು ಕಷ್ಟ. ಉಳಿದ ಗೋಡೆಯಿಂದ ಸಿಸ್ಟ್ ಮತ್ತೆ ತುಂಬಬಹುದು. ಅದಕ್ಕೇ ಊತ ಇಳಿದ ಕೆಲವು ವಾರಗಳ ಬಳಿಕ ಚೀಲವನ್ನು ಇಡಿಯಾಗಿ ತೆಗೆಯುವ ಎರಡನೇ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಹಿಸುಕದೇ ಇದ್ದಿದ್ದರೆ ಒಂದೇ ಸಲಕ್ಕೆ ಮುಗಿಯುವ ಕೆಲಸ. ಸುಣ್ಣ ಹಚ್ಚುವುದು, ಬರೆ ಹಾಕಿಸುವುದು, ಸೂಜಿಯಿಂದ ಚುಚ್ಚುವುದು ಇವುಗಳಿಂದಲೂ ಹುಣ್ಣಾಗುತ್ತದೆಯೇ ಹೊರತು ಗಂಟು ಹೋಗುವುದಿಲ್ಲ.

ಹಾಗಾದರೆ ವೈದ್ಯರಿಗೆ ತೋರಿಸಬೇಕಾದದ್ದು ಯಾವಾಗ?

ಹೊಸದಾಗಿ ಕಂಡ ಗಂಟು ಯಾವುದೇ ಇರಲಿ, ಒಮ್ಮೆ ತೋರಿಸಿ ಅದು ಏನೆಂದು ತಿಳಿದುಕೊಳ್ಳುವುದು ಒಳ್ಳೆಯದು. ಗಂಟು 5 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ವಾರಗಳಲ್ಲಿ ಅಥವಾ ಕೆಲವೇ ತಿಂಗಳಲ್ಲಿ ಬೆಳೆಯುತ್ತಿದ್ದರೆ, ಗಟ್ಟಿಯಾಗಿ ಅಲ್ಲಾಡದೆ ಕೂತಿದ್ದರೆ, ನೋವು ಶುರುವಾಗಿದ್ದರೆ ಅಥವಾ ಹಿಂದೆ ತೆಗೆಸಿದ ಜಾಗದಲ್ಲೇ ಮತ್ತೆ ಬಂದಿದ್ದರೆ ತಡಮಾಡಬಾರದು. ಆಳವೂ ಮುಖ್ಯ. ಸ್ನಾಯು ಬಿಗಿ ಹಿಡಿದಾಗ ಗಂಟು ಮರೆಯಾದರೆ ಅಥವಾ ಅಲುಗಾಡದಂತಾದರೆ ಅದು ಸ್ನಾಯುವಿನ ಒಳಗೆ ಅಥವಾ ಕೆಳಗೆ ಇರಬಹುದು. ಕೊಬ್ಬಿನ ಕ್ಯಾನ್ಸರ್ ಅಪರೂಪ; ಬಂದಾಗ ಅದು ಹೆಚ್ಚಾಗಿ ತೊಡೆಯಂಥ ಕಡೆ ಆಳದಲ್ಲಿ ಬೆಳೆಯುತ್ತದೆ, ಮೊದಮೊದಲು ನೋವಿಲ್ಲದೆಯೇ.

ಜಾಗವನ್ನೂ ಗಮನಿಸಬೇಕು. ಕುತ್ತಿಗೆ, ಕಂಕುಳು, ತೊಡೆಸಂದಿಯ ಗಂಟು ದುಗ್ಧಗ್ರಂಥಿಯ ಊತವಾಗಿರಬಹುದು. ನಮ್ಮಲ್ಲಿ ಕುತ್ತಿಗೆಯ ನೋವಿಲ್ಲದ ಗಂಟುಗಳಿಗೆ ಕ್ಷಯವೂ ಒಂದು ಕಾರಣ, ಅದಕ್ಕೆ ಮಾತ್ರೆಗಳಿಂದಲೇ ಚಿಕಿತ್ಸೆಯಿದೆ. ಸ್ತನದ ಗಂಟು ಎಷ್ಟೇ ಮೆತ್ತಗಿದ್ದರೂ, ಎಷ್ಟೇ ಜಾರಿದರೂ ಪರೀಕ್ಷೆ ಮಾಡಿಸಲೇಬೇಕು. ಮಗುವಿನ ಸೊಂಟದ ನಡುವೆ, ಬೆನ್ನುಮೂಳೆಯ ಮೇಲಿರುವ ಕೊಬ್ಬಿನ ಗಂಟು ಒಳಗಿನ ನರಗಳಿಗೆ ಅಂಟಿರಬಹುದು; ಅದನ್ನು ಸ್ಕ್ಯಾನ್ ಇಲ್ಲದೆ ಕೊಯ್ಯಬಾರದು.

ಸಾಮಾನ್ಯವಾಗಿ ಸರ್ಜನ್ ಕೈಯಿಂದ ಮುಟ್ಟಿ ನೋಡಿಯೇ ಗಂಟನ್ನು ಗುರುತಿಸುತ್ತಾರೆ. ಅನುಮಾನವಿದ್ದರೆ ಅಲ್ಟ್ರಾಸೌಂಡ್, ಆಳದ ಗಂಟಾದರೆ ಎಂಆರ್‌ಐ. ಸೂಜಿಯಿಂದ ಕೋಶ ತೆಗೆದು ನೋಡುವ ಪರೀಕ್ಷೆಯೂ ಇದೆ. ತೊಂದರೆ ಕೊಡದ ಸಣ್ಣ ಲಿಪೋಮಾವನ್ನು ಹಾಗೆಯೇ ಬಿಡಬಹುದು. ಆಗ ಸ್ಕೇಲಿನಲ್ಲಿ ಅಳೆದು ತಾರೀಖಿನೊಡನೆ ಬರೆದಿಟ್ಟುಕೊಂಡರೆ, ಬೆಳೆದಿದೆಯೇ ಎಂಬುದು ಮುಂದಿನ ಸಲ ವೈದ್ಯರಿಗೆ ಸ್ಪಷ್ಟವಾಗುತ್ತದೆ. ತೆಗೆಸುವುದಾದರೆ, ಸಣ್ಣ ಗಂಟಿಗೆ ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಸಾಕು, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ತೆಗೆದ ಗಂಟನ್ನು ಲ್ಯಾಬಿಗೆ ಕಳಿಸಿದ್ದಾರೆಯೇ ಎಂದು ಕೇಳಿ, ಬಯಾಪ್ಸಿ ರಿಪೋರ್ಟನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು.